ಹೀರಿಕೆಯಾಗದೆ ಉಳಿದ ಕಾರ್ಖಾನೆ ಮೇಲ್ವೆಚ್ಚ: ಡೊಂಬಿವಲಿಯ ರಾಸಾಯನಿಕ ಘಟಕವೊಂದರ 2020–21ರ ವರ್ಷಾಂತ್ಯದ ಲೆಕ್ಕ

ಕಾರ್ಖಾನೆಯಲ್ಲಿ ತಯಾರಾಗುವ ಯಾವುದೇ ಸರಕಿನ ವೆಚ್ಚದಲ್ಲಿ ಕಚ್ಚಾವಸ್ತು ಮತ್ತು ನೇರ ಕೂಲಿಯ ಪಾಲನ್ನು ಆ ಸರಕಿನ ಹೆಸರಿಗೇ ನೇರವಾಗಿ ಬರೆಯಬಹುದು. ಆದರೆ ಬಾಯ್ಲರಿನ ಇಂಧನ, ಮೇಲ್ವಿಚಾರಕರ ಸಂಬಳ, ಯಂತ್ರಗಳ ಸವಕಳಿ, ತ್ಯಾಜ್ಯನೀರಿನ ಸಂಸ್ಕರಣೆ, ಕಾವಲು, ವಿಮೆ ಮುಂತಾದ ಖರ್ಚುಗಳು ಎಲ್ಲ ಸರಕುಗಳಿಗೂ ಸಾಮಾನ್ಯವಾಗಿ ತಗಲುವುದರಿಂದ ಅವುಗಳನ್ನು ಯಾವುದೋ ಒಂದು ಅಳತೆಗೋಲಿನ ಮೂಲಕ ಹಂಚಬೇಕಾಗುತ್ತದೆ. ಈ ಸಾಮಾನ್ಯ ಖರ್ಚುಗಳ ಒಟ್ಟು ಮೊತ್ತವನ್ನು ಕಾರ್ಖಾನೆ ಮೇಲ್ವೆಚ್ಚ ಎಂದೂ, ಅಂಗಡಿ ಮತ್ತು ಕಚೇರಿಗಳ ಮಾತಿನಲ್ಲಿ ಓವರ್‌ಹೆಡ್ ಎಂದೂ ಕರೆಯುತ್ತಾರೆ. ಅದನ್ನು ಸರಕಿನ ಮೇಲೆ ಹಾಕುವ ಕ್ರಿಯೆಗೆ ಹೀರಿಕೆ ಎಂಬ ಹೆಸರಿದೆ. ವರ್ಷ ಮುಗಿಯುವ ತನಕ ನಿಜವಾದ ಖರ್ಚು ತಿಳಿಯುವುದಿಲ್ಲ, ಆದರೆ ದರ ಹೇಳುವ ಕೆಲಸ, ಬ್ಯಾಚಿನ ವೆಚ್ಚ ಕಟ್ಟುವ ಕೆಲಸ, ತಿಂಗಳ ಲೆಕ್ಕ ಒಪ್ಪಿಸುವ ಕೆಲಸ ಯಾವುದೂ ವರ್ಷಾಂತ್ಯಕ್ಕೆ ಕಾಯುವುದಿಲ್ಲ. ಆದ್ದರಿಂದ ವರ್ಷದ ಆರಂಭದಲ್ಲೇ ಅಂದಾಜು ಖರ್ಚನ್ನು ಅಂದಾಜು ಕೆಲಸದ ಪ್ರಮಾಣದಿಂದ ಭಾಗಿಸಿ ಒಂದು ಹೀರಿಕೆ ದರವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ರೂಢಿ. ಅಂದಾಜಿನ ಈ ದರದಿಂದ ಸರಕು ಹೀರಿಕೊಂಡ ಮೊತ್ತಕ್ಕೂ ನಿಜವಾಗಿ ಆದ ಖರ್ಚಿಗೂ ವರ್ಷಾಂತ್ಯದಲ್ಲಿ ಹೊಂದಾಣಿಕೆಯಾಗದಿದ್ದರೆ, ಹೀರಿಕೆ ಖರ್ಚಿಗಿಂತ ಕಡಿಮೆಯಾದಾಗ ಅದು ಕಡಿಮೆ ಹೀರಿಕೆ, ಹೆಚ್ಚಾದಾಗ ಅಧಿಕ ಹೀರಿಕೆ ಎನಿಸಿಕೊಳ್ಳುತ್ತದೆ.

ಈ ವ್ಯತ್ಯಾಸವನ್ನು ತೀರಿಸುವ ಬಗೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊತ್ತದ ಗಾತ್ರಕ್ಕೆ ಕಟ್ಟಿಹಾಕುತ್ತವೆ. ಮೊತ್ತ ಚಿಕ್ಕದಾದರೆ ಅದನ್ನು ಪೂರ್ತಿಯಾಗಿ ಲಾಭನಷ್ಟ ಖಾತೆಗೆ ಒಯ್ಯಬೇಕು, ದೊಡ್ಡದಾದರೆ ಪೂರಕ ದರವೊಂದನ್ನು ಲೆಕ್ಕ ಹಾಕಿ ಮಾರಿದ ಸರಕು, ಸಿದ್ಧ ಸರಕು, ಅರೆಸಿದ್ಧ ಸರಕು ಈ ಮೂರರ ಮೇಲೆ ಹಂಚಬೇಕು ಎಂಬುದು ಅವುಗಳ ಸೂತ್ರ. ವ್ಯತ್ಯಾಸ ಎಷ್ಟು ಎಂಬ ಪ್ರಶ್ನೆಗಿಂತ ಅದು ಏಕೆ ಬಂತು ಎಂಬ ಪ್ರಶ್ನೆ ಮೊದಲು ಬರಬೇಕು, ಕಾರಣದ ಪ್ರಕಾರ ಒಡೆಯದೆ ಹಂಚಿದ ಕಡಿಮೆ ಹೀರಿಕೆ ಖಾಲಿ ನಿಂತ ಯಂತ್ರದ ನಷ್ಟವನ್ನು ಗೋದಾಮಿನ ಸರಕಿನ ಬೆಲೆಯಾಗಿ ತೋರಿಸಿಬಿಡುತ್ತದೆ ಎಂಬುದು ಈ ಲೇಖನದ ವಾದ. ಥಾಣೆ ಜಿಲ್ಲೆಯ ಕೈಗಾರಿಕಾ ಪಟ್ಟಿಯಲ್ಲಿ 2020–21ರ ಆರ್ಥಿಕ ವರ್ಷ ಈ ವಾದವನ್ನು ಪರೀಕ್ಷಿಸಲು ತಕ್ಕ ಸಂದರ್ಭವನ್ನು ಒದಗಿಸುತ್ತದೆ.

1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ತನ್ನ ಆರಂಭದ ವಸಾಹತುಗಳಲ್ಲೊಂದನ್ನು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಬೆಳೆಸಿತು. ಮುಂದೆ ಥಾಣೆ ಕೊಲ್ಲಿಯ ಆಚೆಗೆ ಐರೋಳಿ, ರಬಾಳೆ, ಮಹಾಪೆ, ತುರ್ಭೆಗಳ ಉದ್ದಕ್ಕೂ ಇಂದಿನ ನವಿ ಮುಂಬಯಿಯ ಪಟ್ಟಿ, ಕಲ್ಯಾಣದ ಕಡೆಗೆ ಡೊಂಬಿವಲಿಯ ಎರಡು ಹಂತಗಳು, ಅದರಾಚೆ ಅಂಬರನಾಥ ಮತ್ತು ಬದಲಾಪುರ ಹೀಗೆ ಈ ಸಾಲು ಬೆಳೆಯಿತು. ಯಂತ್ರಭಾಗಗಳ ಚಿಕ್ಕ ವರ್ಕ್‌ಶಾಪುಗಳು ವಾಗ್ಳೆ ಎಸ್ಟೇಟಿನಲ್ಲೂ ರಬಾಳೆಯಲ್ಲೂ ಹೆಚ್ಚು. ಡೊಂಬಿವಲಿಯಲ್ಲಿ ಬಣ್ಣದ ಮಧ್ಯವರ್ತಿ ರಾಸಾಯನಿಕಗಳು, ಔಷಧದ ಕಚ್ಚಾ ರಾಸಾಯನಿಕಗಳು ಮತ್ತು ಬಟ್ಟೆಯ ಸಂಸ್ಕರಣೆ ಎದ್ದು ಕಾಣುತ್ತವೆ. ರಾಸಾಯನಿಕ ಘಟಕದಲ್ಲಿ ಕೂಲಿಯ ಗಂಟೆಗೂ ಮೇಲ್ವೆಚ್ಚಕ್ಕೂ ಹೆಚ್ಚು ಸಂಬಂಧವಿರುವುದಿಲ್ಲ. ಒಂದು ಬ್ಯಾಚು ರಿಯಾಕ್ಟರಿನೊಳಗೆ ಎಷ್ಟು ಹೊತ್ತು ಇರುತ್ತದೆಯೋ ಅಷ್ಟು ಹೊತ್ತು ಉಗಿ, ತಂಪುನೀರು, ವಿದ್ಯುತ್ತು, ಸವಕಳಿ ಎಲ್ಲವೂ ಅದರ ಹೆಸರಿಗೆ ಓಡುವುದರಿಂದ ಅಲ್ಲಿ ರಿಯಾಕ್ಟರ್ ಗಂಟೆಯೇ ಹೀರಿಕೆಗೆ ಹೊಂದುವ ಅಳತೆಗೋಲು.

ಕೆಳಗಿನ ಲೆಕ್ಕ ಯಾವುದೇ ಒಂದು ಕಂಪನಿಯದಲ್ಲ. ಡೊಂಬಿವಲಿಯ ಮಧ್ಯಮ ಗಾತ್ರದ ಘಟಕದ ಮಾದರಿಯಲ್ಲಿ, ವಿವರಣೆಗೆಂದು ಕಟ್ಟಿಕೊಂಡದ್ದು. ಘಟಕದಲ್ಲಿ ನಾಲ್ಕು ರಿಯಾಕ್ಟರುಗಳಿವೆ. ವರ್ಷದ 365 ದಿನಗಳಲ್ಲಿ ವಾರದ ರಜೆ 52 ದಿನ, ಹಬ್ಬದ ರಜೆ ಮತ್ತು ವಾರ್ಷಿಕ ದುರಸ್ತಿಗೆ 13 ದಿನ ಕಳೆದರೆ 300 ದಿನ ಉಳಿಯುತ್ತವೆ. ದಿನದ 24 ಗಂಟೆಗಳಲ್ಲಿ ತೊಳೆಯುವುದಕ್ಕೂ ತುಂಬುವುದಕ್ಕೂ 4 ಗಂಟೆ ಹೋದರೆ ಒಂದೊಂದು ರಿಯಾಕ್ಟರಿಗೆ ವರ್ಷಕ್ಕೆ 6,000 ಗಂಟೆ, ನಾಲ್ಕಕ್ಕೆ 24,000 ಗಂಟೆ ಸಿಗುತ್ತವೆ. ಹಿಂದಿನ ಮೂರು ವರ್ಷಗಳಲ್ಲಿ ನಿಜವಾಗಿ ಓಡಿದ ಗಂಟೆಗಳು 23,600, 24,500 ಮತ್ತು 23,900 ಆಗಿದ್ದು ಅವುಗಳ ಸರಾಸರಿಯೂ 24,000ವೇ ಆಗಿದೆ. ಯೋಜಿತ ದುರಸ್ತಿಯಿಂದ ಹೋಗುವ ಸಮಯವನ್ನು ಕಳೆದು, ಸಾಮಾನ್ಯ ಪರಿಸ್ಥಿತಿಯಲ್ಲಿ ಹಲವು ವರ್ಷಗಳ ಸರಾಸರಿಯಾಗಿ ನಿರೀಕ್ಷಿಸಬಹುದಾದ ಉತ್ಪಾದನೆಗೆ ಲೆಕ್ಕಪತ್ರ ಮಾನದಂಡಗಳು ಸಾಮಾನ್ಯ ಸಾಮರ್ಥ್ಯ ಎನ್ನುತ್ತವೆ. ಈ ಘಟಕಕ್ಕೆ ಅದು 24,000 ರಿಯಾಕ್ಟರ್ ಗಂಟೆ.

ವರ್ಷಾರಂಭದ ಅಂದಾಜಿನಲ್ಲಿ ಸ್ಥಿರ ಮೇಲ್ವೆಚ್ಚ, ಅಂದರೆ ರಿಯಾಕ್ಟರ್ ಓಡಲಿ ಬಿಡಲಿ ತಗಲುವ ಖರ್ಚು, 1,44,00,000 ರೂಪಾಯಿ. ಚರ ಮೇಲ್ವೆಚ್ಚ, ಅಂದರೆ ಓಡಿದಷ್ಟು ತಗಲುವ ಖರ್ಚು, 24,000 ಗಂಟೆಗೆ 96,00,000 ರೂಪಾಯಿ. ಗಂಟೆಗೆ ಸ್ಥಿರದ ಪಾಲು 600, ಚರದ ಪಾಲು 400, ಒಟ್ಟು ಹೀರಿಕೆ ದರ 1,000 ರೂಪಾಯಿ. ಲೆಕ್ಕದ ಪುಸ್ತಕದಲ್ಲಿ ಕಾರ್ಖಾನೆ ಮೇಲ್ವೆಚ್ಚ ನಿಯಂತ್ರಣ ಖಾತೆ ಎಂಬುದೊಂದಿರುತ್ತದೆ. ನಿಜವಾಗಿ ಆದ ಖರ್ಚು ಅದರ ಖರ್ಚು ಬದಿಗೆ ಬಂದು ಸೇರುತ್ತದೆ. ಪ್ರತಿಯೊಂದು ಬ್ಯಾಚಿನ ರಿಯಾಕ್ಟರ್ ಗಂಟೆಗಳನ್ನು 1,000ದಿಂದ ಗುಣಿಸಿದ ಮೊತ್ತ ಅದರ ಜಮಾ ಬದಿಯಲ್ಲಿ ಬಿದ್ದು ಅರೆಸಿದ್ಧ ಸರಕಿನ ಖಾತೆಗೆ ಹೋಗುತ್ತದೆ. ಮಾರ್ಚ್ 31ರಂದು ಈ ಎರಡು ಬದಿಗಳ ನಡುವೆ ಉಳಿಯುವ ಅಂತರವೇ ತೀರಿಸಬೇಕಾದ ವ್ಯತ್ಯಾಸ.

2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ಮುಂಬಯಿಯ ಲೋಕಲ್ ರೈಲುಗಳು ಅದಕ್ಕೂ ಮೊದಲೇ ಜನಸಾಮಾನ್ಯರಿಗೆ ನಿಂತಿದ್ದವು, ಮತ್ತು ಮಹಾರಾಷ್ಟ್ರ ಸರ್ಕಾರ ನಿರ್ಬಂಧಗಳನ್ನು ಹಂತಹಂತವಾಗಿ ಸಡಿಲಿಸಲು ಆರಂಭಿಸಿದ್ದು ಜೂನ್ ಮೊದಲ ವಾರದಲ್ಲಿ. ಮಾದರಿ ಘಟಕ ಏಪ್ರಿಲ್ 1ರಿಂದ ಜೂನ್ 3ರವರೆಗೆ ಪೂರ್ತಿ ಮುಚ್ಚಿತ್ತೆಂದು ಇಟ್ಟುಕೊಂಡರೆ, ಒಂಬತ್ತು ಶುಕ್ರವಾರಗಳನ್ನು ವಾರದ ರಜೆಯಾಗಿಯೂ ಒಂದು ದಿನವನ್ನು ಹಬ್ಬದ ರಜೆಯಾಗಿಯೂ ಕಳೆದು 54 ಕೆಲಸದ ದಿನಗಳು ಕೈತಪ್ಪಿದವು. ದಿನಕ್ಕೆ 80 ರಿಯಾಕ್ಟರ್ ಗಂಟೆಯಂತೆ ಅದು 4,320 ಗಂಟೆ. ಕೆಲಸ ಮತ್ತೆ ಶುರುವಾದ ಮೇಲೆ ಗಾಜಿನ ಒಳಪದರವಿರುವ ಒಂದು ರಿಯಾಕ್ಟರಿನ ಪದರ ಒಡೆದು, ಹೊಸ ಪದರ ಹಾಕಿಸಿ ತರುವವರೆಗೆ 50 ದಿನ ನಿಂತು 1,000 ಗಂಟೆ ಹೋಯಿತು. ಆರ್ಡರಿನ ಕೊರತೆಯಿಂದ ಇನ್ನೂ 680 ಗಂಟೆ ಹೋಯಿತು. ಒಟ್ಟು ನಷ್ಟ 6,000 ಗಂಟೆ. ಓಡಿದ್ದು 18,000 ಗಂಟೆ.

ಖರ್ಚಿನ ಕಡೆ ಸ್ಥಿರ ಮೇಲ್ವೆಚ್ಚ ಅಂದಾಜಿನಂತೆಯೇ 1,44,00,000 ರೂಪಾಯಿ ಆಯಿತು. ಚರ ಮೇಲ್ವೆಚ್ಚ 18,000 ಗಂಟೆಗೆ ಅಂದಾಜಿನ ಪ್ರಕಾರ 72,00,000 ಆಗಬೇಕಿತ್ತು, ಆದದ್ದು 80,40,000. ಹೆಚ್ಚಾದ 8,40,000ದಲ್ಲಿ 5,40,000 ಇಂಧನ ಮತ್ತು ವಿದ್ಯುತ್ತಿನ ದರ ಏರಿದ್ದರಿಂದ. ಉಳಿದ 3,00,000 ಲೋಕಲ್ ರೈಲು ಕಾರ್ಮಿಕರಿಗೆ ಸಿಗದ ಕಾರಣ ಕೆಲಸ ನಡೆದ ದಿನಗಳಲ್ಲಿ ಬಸ್ಸು ಬಾಡಿಗೆಗೆ ಕರೆಸಿದ್ದರಿಂದ. ನಿಜವಾದ ಒಟ್ಟು ಮೇಲ್ವೆಚ್ಚ 2,24,40,000, ಹೀರಿಕೆಯಾದದ್ದು 1,80,00,000, ಕಡಿಮೆ ಹೀರಿಕೆ 44,40,000 ರೂಪಾಯಿ.

ಈ ಮೊತ್ತ ಹೀರಿಕೆಯಾದ ಮೇಲ್ವೆಚ್ಚದ ಕಾಲುಭಾಗದಷ್ಟಿದೆ, ಯಾವ ಅಳತೆಯಲ್ಲೂ ದೊಡ್ಡದೇ. ಪಠ್ಯಪುಸ್ತಕದ ಸೂತ್ರವನ್ನು ಅಕ್ಷರಶಃ ಪಾಲಿಸಿದರೆ 44,40,000ವನ್ನು 18,000 ಗಂಟೆಗಳಿಂದ ಭಾಗಿಸಿ ಗಂಟೆಗೆ 246.67 ರೂಪಾಯಿಯ ಪೂರಕ ದರ ಹೊರಡಿಸಬೇಕು. ವರ್ಷದ 18,000 ಗಂಟೆಗಳಲ್ಲಿ 14,400 ಗಂಟೆಗಳ ಸರಕು ಮಾರಾಟವಾಗಿದ್ದು, 2,700 ಗಂಟೆಗಳದ್ದು ಸಿದ್ಧ ಸರಕಾಗಿಯೂ 900 ಗಂಟೆಗಳದ್ದು ಅರೆಸಿದ್ಧ ಸರಕಾಗಿಯೂ ಉಳಿದಿದೆ ಎಂದಾದರೆ, ಕಡಿಮೆ ಹೀರಿಕೆಯ ಐದನೆಯ ಒಂದು ಪಾಲು, ಅಂದರೆ 8,88,000 ರೂಪಾಯಿ, ಉಳಿದ ಸರಕಿನ ಮೌಲ್ಯಕ್ಕೆ ಸೇರಿಕೊಂಡು ಆಸ್ತಿಪಟ್ಟಿಗೆ ಏರುತ್ತದೆ. ಗೋದಾಮಿನಲ್ಲಿರುವ ಪೀಪಾಯಿಯೊಂದರ ಮೇಲ್ವೆಚ್ಚ ಗಂಟೆಗೆ 1,000ದಿಂದ 1,246.67ಕ್ಕೆ ಏರಿದಂತಾಯಿತು. ಆದರೆ ಆ ಪೀಪಾಯಿಯೊಳಗಿನ ಬಣ್ಣದ ರಾಸಾಯನಿಕ ತಯಾರಾಗಲು ಬಾಗಿಲು ಮುಚ್ಚಿದ 54 ದಿನಗಳು ಯಾವ ರೀತಿಯಲ್ಲೂ ನೆರವಾಗಲಿಲ್ಲ. ಆ ದಿನಗಳ ಸವಕಳಿ, ಕಾವಲು ಮತ್ತು ಸಂಬಳ ಖರ್ಚಾದದ್ದು ನಿಜ, ಆದರೆ ಅದರಿಂದ ಸರಕು ಹುಟ್ಟಲಿಲ್ಲ, ಅದನ್ನು ಸರಕಿನ ಬೆಲೆಯೆಂದು ಬರೆಯುವುದಕ್ಕೆ ಆಧಾರವಿಲ್ಲ.

ಭಾರತದ ಲೆಕ್ಕಪತ್ರ ಮಾನದಂಡಗಳು ಈ ವಿಷಯದಲ್ಲಿ ಪಠ್ಯಪುಸ್ತಕದ ಸೂತ್ರಕ್ಕಿಂತ ಸ್ಪಷ್ಟವಾಗಿವೆ. ಸರಕಿನ ದಾಸ್ತಾನಿಗೆ ಸಂಬಂಧಿಸಿದ ಎಎಸ್ 2 ಮತ್ತು ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 2 ಎರಡೂ, ಸ್ಥಿರ ಉತ್ಪಾದನಾ ಮೇಲ್ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಮಾತ್ರ ಸರಕಿಗೆ ಹಚ್ಚಬೇಕು, ಉತ್ಪಾದನೆ ಇಳಿದಿತ್ತು ಅಥವಾ ಘಟಕ ಖಾಲಿಯಿತ್ತು ಎಂಬ ಕಾರಣಕ್ಕೆ ಒಂದೊಂದು ಸರಕಿನ ಮೇಲಿನ ಸ್ಥಿರ ಮೇಲ್ವೆಚ್ಚವನ್ನು ಏರಿಸಬಾರದು, ಹಚ್ಚದೆ ಉಳಿದದ್ದನ್ನು ಅದೇ ಅವಧಿಯ ಖರ್ಚೆಂದು ಬರೆಯಬೇಕು ಎನ್ನುತ್ತವೆ. ಚರ ಮೇಲ್ವೆಚ್ಚವನ್ನು ಮಾತ್ರ ನಿಜವಾದ ಉತ್ಪಾದನೆಯ ಆಧಾರದ ಮೇಲೆ ಹಚ್ಚಬೇಕು. ಭಾರತೀಯ ವೆಚ್ಚ ಲೆಕ್ಕಪರಿಶೋಧಕರ ಸಂಸ್ಥೆ ಹೊರಡಿಸಿದ ಸಿಎಎಸ್ 3 ಕೂಡ ಸ್ಥಿರ ಮತ್ತು ಚರದ ನಡುವೆ ಇದೇ ಗೆರೆಯನ್ನು ಎಳೆಯುತ್ತದೆ, ಮತ್ತು ಅಸಾಮಾನ್ಯವಾದ, ಅಳೆಯಬಹುದಾದ ದೊಡ್ಡ ಖರ್ಚನ್ನು ಉತ್ಪಾದನಾ ಮೇಲ್ವೆಚ್ಚದಿಂದ ಹೊರಗಿಡುತ್ತದೆ. ಉತ್ಪಾದನೆ ಸಾಮಾನ್ಯ ಸಾಮರ್ಥ್ಯಕ್ಕೆ ಹತ್ತಿರವಿದ್ದರೆ ನಿಜವಾದ ಉತ್ಪಾದನೆಯನ್ನೇ ಭಾಜಕವಾಗಿ ಬಳಸಲು ಮಾನದಂಡ ಒಪ್ಪುತ್ತದೆ. ಆದರೆ ನೂರಕ್ಕೆ 75ರಷ್ಟು ಮಾತ್ರ ಓಡಿದ ಘಟಕ ಆ ರಿಯಾಯಿತಿಯನ್ನು ಕೇಳುವಂತಿಲ್ಲ.

ಹಾಗಾದರೆ 44,40,000ವನ್ನು ಮೊದಲು ಒಡೆಯಬೇಕು. ಕೈತಪ್ಪಿದ 6,000 ಗಂಟೆಗಳನ್ನು ಸ್ಥಿರದ ಪಾಲಾದ 600ರಿಂದ ಗುಣಿಸಿದರೆ 36,00,000 ರೂಪಾಯಿ; ಇದು ಖಾಲಿ ಸಾಮರ್ಥ್ಯದ ವೆಚ್ಚ. ಉಳಿದ 8,40,000 ಚರ ಖರ್ಚು ಅಂದಾಜನ್ನು ಮೀರಿದ್ದರಿಂದ ಬಂದದ್ದು. ಖಾಲಿ ಸಾಮರ್ಥ್ಯದ ಮೊತ್ತದೊಳಗೆ ಲಾಕ್‌ಡೌನಿನ ಪಾಲು 25,92,000, ಒಡೆದ ರಿಯಾಕ್ಟರಿನ ಪಾಲು 6,00,000, ಆರ್ಡರಿನ ಕೊರತೆಯ ಪಾಲು 4,08,000. ಮೊದಲೆರಡು ಅಸಾಮಾನ್ಯ ಘಟನೆಗಳು ಎಂಬುದರಲ್ಲಿ ಯಾರಿಗೂ ಸಂಶಯವಿರದು. ಆರ್ಡರಿನ ಕೊರತೆ ವ್ಯಾಪಾರದ ನಿತ್ಯದ ಅಂಗ, ಆದ್ದರಿಂದ ಅದನ್ನಾದರೂ ಸರಕಿನ ಮೇಲೆ ಹಾಕಬಹುದಲ್ಲ ಎಂಬ ವಾದ ಕಾರ್ಖಾನೆಗಳಲ್ಲಿ ಕೇಳಿಬರುತ್ತದೆ. ಆದರೆ ವ್ಯಾಪಾರದ ಸಹಜ ಏರಿಳಿತವನ್ನು ಹಲವು ವರ್ಷಗಳ ಸರಾಸರಿಯ ರೂಪದಲ್ಲಿ ಸಾಮಾನ್ಯ ಸಾಮರ್ಥ್ಯವೇ ಒಳಗೊಂಡಿದೆ, ಅದನ್ನು ಎರಡನೆಯ ಸಲ ಎಣಿಸಲಾಗದು. ಆದ್ದರಿಂದ 36,00,000 ಪೂರ್ತಿಯಾಗಿ ವರ್ಷದ ಲಾಭನಷ್ಟ ಖಾತೆಗೆ ಹೋಗಬೇಕು. ಕಾರಣಗಳನ್ನು ಬೇರೆಬೇರೆ ಸಾಲಿನಲ್ಲಿ ತೋರಿಸುವುದರಿಂದ ಮೊತ್ತ ಬದಲಾಗುವುದಿಲ್ಲ. ಆದರೆ ಮುಂದಿನ ವರ್ಷ ಮತ್ತೆ ಬರಬಹುದಾದದ್ದು ಯಾವುದು, ಬಾರದಿರುವುದು ಯಾವುದು ಎಂದು ಓದುವವರಿಗೆ ತಿಳಿಯುವುದು ಹಾಗೆ ತೋರಿಸಿದಾಗ ಮಾತ್ರ.

ಉಳಿದ 8,40,000ದ ವಿಷಯದಲ್ಲಿ ಇಂಧನ ಮತ್ತು ವಿದ್ಯುತ್ತಿನ 5,40,000 ಚರ್ಚೆಗೆ ಅವಕಾಶವಿಲ್ಲದಷ್ಟು ಸರಳ: ಸರಕು ತಯಾರಿಸಲು ನಿಜವಾಗಿ ಅಷ್ಟು ಖರ್ಚಾಗಿದೆ, ಅಂದಾಜು ತಪ್ಪಿತ್ತು, ಈಗ ತಿದ್ದಬೇಕು. ಬಸ್ಸಿನ 3,00,000 ಹಾಗಲ್ಲ. ಲಾಕ್‌ಡೌನಿನ ಅಸಾಮಾನ್ಯ ಪರಿಸ್ಥಿತಿಯ ಫಲವಾದ್ದರಿಂದ ಅದನ್ನು ಸರಕಿನಿಂದ ಹೊರಗಿಡಬೇಕೆಂಬ ಅಭಿಪ್ರಾಯಕ್ಕೆ ಸಿಎಎಸ್ 3ರ ಅಸಾಮಾನ್ಯ ಖರ್ಚಿನ ನಿಯಮದಲ್ಲಿ ಆಧಾರವಿದೆ. ಎಎಸ್ 2 ಹೊರಗಿಡುವುದು ವ್ಯರ್ಥವಾಗಿ ಹೋದ ಅಸಾಮಾನ್ಯ ಪ್ರಮಾಣದ ವಸ್ತು, ಕೂಲಿ ಮತ್ತು ಇತರ ಉತ್ಪಾದನಾ ಖರ್ಚುಗಳನ್ನು; ಬಸ್ಸಾದರೋ ವ್ಯರ್ಥವಾಗಲಿಲ್ಲ, ಬದಲಾಪುರ ಮತ್ತು ದಿವಾದಿಂದ ಕಾರ್ಮಿಕರನ್ನು ಕರೆತಂದದ್ದರಿಂದಲೇ ಆ ತಿಂಗಳುಗಳ ಬ್ಯಾಚು ಇಳಿಯಿತು. ಈ ಕಾರಣದಿಂದ ಅದನ್ನು ಸರಕಿನೊಳಗೆ ಸೇರಿಸುವುದೇ ಹೆಚ್ಚು ಸರಿಯೆಂದು ತೋರುತ್ತದೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಕಾರಣವನ್ನು ಬರೆದಿಡುವುದು ಅಗತ್ಯ, ಏಕೆಂದರೆ ಮುಂದಿನ ವರ್ಷ ಬೇರೊಬ್ಬರು ಇದೇ ಬಗೆಯ ಖರ್ಚಿಗೆ ಬೇರೆ ದಾರಿ ಹಿಡಿದರೆ ಎರಡು ವರ್ಷಗಳ ಲಾಭವನ್ನು ಹೋಲಿಸಿ ನೋಡಲಾಗದು.

ಹೀಗೆ ಹಂಚಲು ಉಳಿಯುವ 8,40,000ಕ್ಕೆ ಪೂರಕ ದರ ಗಂಟೆಗೆ 46.67 ರೂಪಾಯಿ. ಮಾರಿದ ಸರಕಿನ ವೆಚ್ಚಕ್ಕೆ 6,72,000, ಸಿದ್ಧ ಸರಕಿಗೆ 1,26,000, ಅರೆಸಿದ್ಧ ಸರಕಿಗೆ 42,000 ಸೇರುತ್ತದೆ. ಮುಕ್ತಾಯದ ದಾಸ್ತಾನಿಗೆ ಸೇರಿದ್ದು ಒಟ್ಟು 1,68,000. ಸೂತ್ರದ ದಾರಿಯಲ್ಲಿ ಸೇರಿದ್ದು 8,88,000. ಇವೆರಡರ ನಡುವಿನ 7,20,000 ರೂಪಾಯಿ 2020–21ರ ನಷ್ಟವಾಗಬೇಕಾದದ್ದು ಆಸ್ತಿಯ ವೇಷದಲ್ಲಿ 2021–22ಕ್ಕೆ ದಾಟಿ, ಆ ಸರಕು ಮಾರಾಟವಾದಾಗ ಮುಂದಿನ ವರ್ಷದ ಲಾಭವನ್ನು ಕಡಿಮೆ ಮಾಡುತ್ತದೆ. ಒಂದು ವರ್ಷದ ಲಾಕ್‌ಡೌನಿನ ಭಾರವನ್ನು ಅದರ ಮುಂದಿನ ವರ್ಷ ಹೊರುವಂತಾಗುವುದು ಈ ತಪ್ಪಿನ ನಿಜವಾದ ಕೆಡುಕು. ಇಡೀ 44,40,000ವನ್ನು ಲಾಭನಷ್ಟ ಖಾತೆಗೆ ತಳ್ಳಿಬಿಡುವ ಮೂರನೆಯ ದಾರಿಯಲ್ಲಿ ತಪ್ಪು ಇದಕ್ಕಿಂತ ಚಿಕ್ಕದು. ದಾಸ್ತಾನು 1,68,000ದಷ್ಟು ಕಡಿಮೆ ತೋರುತ್ತದೆ, ಅಷ್ಟೆ. ವರ್ಷಾಂತ್ಯದ ಒತ್ತಡದಲ್ಲಿ ಅನೇಕ ಚಿಕ್ಕ ಘಟಕಗಳು ಈ ದಾರಿ ಹಿಡಿಯುವುದನ್ನು ಕ್ಷಮಿಸಬಹುದು, ಮೊದಲಿನದನ್ನು ಕ್ಷಮಿಸಲಾಗದು.

ಹಂಚುವ ಕೆಲಸದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಮೂರು ಖಾತೆಗಳ ಒಟ್ಟು ಬಾಕಿಯ ಅನುಪಾತದಲ್ಲಿ ಹಂಚಿದರೆ ದುಬಾರಿ ಕಚ್ಚಾವಸ್ತುವಿನ ಬ್ಯಾಚು ರಿಯಾಕ್ಟರಿನಲ್ಲಿ ಸ್ವಲ್ಪವೇ ಹೊತ್ತು ಇದ್ದರೂ ಹೆಚ್ಚು ಪಾಲು ಹೊರುತ್ತದೆ. ಆದ್ದರಿಂದ ಹಂಚಿಕೆ ಖಾತೆಯ ಬಾಕಿಯ ಮೇಲಲ್ಲ, ಅದರೊಳಗಿನ ಹೀರಿಕೆಯಾದ ಮೇಲ್ವೆಚ್ಚದ ಮೇಲೆ, ಅಂದರೆ ಗಂಟೆಗಳ ಮೇಲೆ ನಡೆಯಬೇಕು. ಇನ್ನೊಂದು, ಹಿಂದಿನ ವರ್ಷದಿಂದ ಬಂದ ಆರಂಭದ ದಾಸ್ತಾನು ಮಾರಿದ ಸರಕಿನೊಳಗೆ ಕಲೆತು ಹೋಗಿರುವುದನ್ನು ಗಮನಿಸದಿರುವುದು. ಆ ಸರಕು ಹಿಂದಿನ ವರ್ಷದ ಗಂಟೆಗಳಲ್ಲಿ ತಯಾರಾದದ್ದು. ಈ ವರ್ಷದ ವ್ಯತ್ಯಾಸದಲ್ಲಿ ಅದಕ್ಕೆ ಪಾಲಿಲ್ಲ. ಮೇಲಿನ ಲೆಕ್ಕದ 14,400 ಗಂಟೆಗಳು ಈ ವರ್ಷ ಓಡಿದ ಗಂಟೆಗಳೇ ಎಂಬುದನ್ನು ಬ್ಯಾಚ್ ಕಾರ್ಡಿನಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಸ್ಥಿರ ಮೇಲ್ವೆಚ್ಚ ಅಂದಾಜನ್ನು ಮೀರಿದ್ದರೆ ಮೀರಿದ ಮೊತ್ತವನ್ನೂ ಓಡಿದ ಗಂಟೆಯಿಂದ ಭಾಗಿಸದೆ ಸಾಮಾನ್ಯ ಸಾಮರ್ಥ್ಯದಿಂದಲೇ ಭಾಗಿಸಬೇಕು ಎಂಬುದೂ ಇಲ್ಲಿ ನೆನಪಿಡತಕ್ಕದ್ದು.

ಅಧಿಕ ಹೀರಿಕೆಯ ವರ್ಷದಲ್ಲಿ ನಿಯಮ ಇದರ ಪ್ರತಿಬಿಂಬವಾಗಿರಬೇಕೆಂದು ತೋರಿದರೂ ಹಾಗಿಲ್ಲ. ಬೇಡಿಕೆ ಮರಳಿ ಬಂದು ಅದೇ ಘಟಕ ವಾರದ ರಜೆಯಲ್ಲೂ ಕೆಲಸ ನಡೆಸಿ 26,000 ಗಂಟೆ ಓಡಿತು, ಸ್ಥಿರ ಖರ್ಚು 1,44,00,000ವೇ ಉಳಿಯಿತು, ಚರ ಖರ್ಚು ಅಂದಾಜಿನಂತಾಯಿತು ಎಂದುಕೊಂಡರೆ, ಗಂಟೆಗೆ 600ರಂತೆ ಹೀರಿಕೆಯಾದ ಸ್ಥಿರ ಮೇಲ್ವೆಚ್ಚ 1,56,00,000 ಆಗಿ 12,00,000 ರೂಪಾಯಿಯ ಅಧಿಕ ಹೀರಿಕೆ ಉಂಟಾಗುತ್ತದೆ. ಇದನ್ನು ಪೂರ್ತಿಯಾಗಿ ಲಾಭನಷ್ಟ ಖಾತೆಗೆ ಜಮೆ ಮಾಡಿದರೆ ಗೋದಾಮಿನ ಸರಕು ನಿಜವಾಗಿ ಆಗದ ಖರ್ಚನ್ನು ಹೊತ್ತು ನಿಲ್ಲುತ್ತದೆ. ಉತ್ಪಾದನೆ ಅಸಾಮಾನ್ಯವಾಗಿ ಏರಿದಾಗ ಒಂದೊಂದು ಸರಕಿನ ಮೇಲಿನ ಸ್ಥಿರ ಮೇಲ್ವೆಚ್ಚವನ್ನು ಇಳಿಸಿ, ದಾಸ್ತಾನು ತನ್ನ ವೆಚ್ಚವನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಮಾನದಂಡ ಹೇಳುವುದು ಇದಕ್ಕಾಗಿಯೇ. ವರ್ಷದ ಗಂಟೆಗಳಲ್ಲಿ ಹತ್ತನೆಯ ಒಂದು ಪಾಲು ದಾಸ್ತಾನಿನಲ್ಲಿ ಉಳಿದಿದ್ದರೆ ಅದರಿಂದ 1,20,000ವನ್ನು ಕಳೆದು, ಮಾರಿದ ಸರಕಿನ ವೆಚ್ಚದಿಂದ 10,80,000ವನ್ನು ಇಳಿಸಬೇಕು. ಅಂದರೆ ಖಾಲಿ ಸಾಮರ್ಥ್ಯದ ಕಡಿಮೆ ಹೀರಿಕೆ ದಾಸ್ತಾನನ್ನು ಮುಟ್ಟಬಾರದು, ಅಧಿಕ ಹೀರಿಕೆ ದಾಸ್ತಾನನ್ನು ಮುಟ್ಟಲೇಬೇಕು. ಎರಡರ ಹಿಂದಿನ ತತ್ವ ಒಂದೇ: ಸರಕು ತಾನು ತಯಾರಾಗಲು ಬೇಕಾದಷ್ಟು ಮತ್ತು ನಿಜವಾಗಿ ಆದಷ್ಟು ಖರ್ಚನ್ನು ಮಾತ್ರ ಹೊರಬೇಕು.

ವ್ಯತ್ಯಾಸವನ್ನು ತೀರಿಸದೆ ಮುಂದಿನ ವರ್ಷಕ್ಕೆ ಒಯ್ಯುವ ಪದ್ಧತಿಯನ್ನೂ ಹಳೆಯ ಪುಸ್ತಕಗಳು ಹೇಳುತ್ತವೆ. ವಾರ್ಷಿಕ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ವರ್ಷದೊಳಗಿನ ತಿಂಗಳಿಂದ ತಿಂಗಳಿಗೆ ಒಯ್ಯುವುದು ಬೇರೆ ಮಾತು: ದರವನ್ನು ಇಡೀ ವರ್ಷಕ್ಕೆಂದು ಕಟ್ಟಿರುವಾಗ, ದುರಸ್ತಿಗೆ ನಿಲ್ಲಿಸಿದ ತಿಂಗಳ ಕೊರತೆ ಚುರುಕಾಗಿ ಓಡಿದ ತಿಂಗಳಲ್ಲಿ ತುಂಬಿಕೊಳ್ಳುತ್ತದೆ, ಆಡಳಿತದ ಒಳಗಿನ ತಿಂಗಳ ವರದಿಯಲ್ಲಿ ಹಾಗೆ ಇಟ್ಟುಕೊಳ್ಳಬಹುದು. ಷೇರುಪೇಟೆಯಲ್ಲಿರುವ ಕಂಪನಿಯ ತ್ರೈಮಾಸಿಕ ವರದಿಗೆ ಈ ಸಡಿಲಿಕೆಯೂ ಇಲ್ಲ; ವರ್ಷದೊಳಗೆ ತುಂಬಿಕೊಳ್ಳಬಹುದೆಂಬ ನಿರೀಕ್ಷೆಯಿಂದ ಪ್ರಮಾಣದ ವ್ಯತ್ಯಾಸವನ್ನು ಮುಂದೂಡುವುದು ತಕ್ಕದ್ದಲ್ಲವೆಂಬುದು ಮಧ್ಯಂತರ ವರದಿಯ ಮಾನದಂಡದ ನಿಲುವು.

ಇಷ್ಟೆಲ್ಲ ಲೆಕ್ಕ ನಿಂತಿರುವುದು 24,000 ಎಂಬ ಒಂದು ಸಂಖ್ಯೆಯ ಮೇಲೆ, ಮತ್ತು ಅತ್ಯಂತ ಸುಲಭವಾಗಿ ಕೆಡಿಸಬಹುದಾದದ್ದೂ ಅದನ್ನೇ. ವರ್ಷಾಂತ್ಯದಲ್ಲಿ ಹಿಂತಿರುಗಿ ನೋಡಿ, ಈ ವರ್ಷದ ಸಾಮಾನ್ಯ ಸಾಮರ್ಥ್ಯ 18,000 ಗಂಟೆಯೇ ಎಂದು ಘೋಷಿಸಿದರೆ ಸ್ಥಿರದ ಪಾಲು ಗಂಟೆಗೆ 800ಕ್ಕೆ ಏರಿ, 36,00,000ದ ಖಾಲಿ ಸಾಮರ್ಥ್ಯ ಪುಸ್ತಕದಿಂದ ಮಾಯವಾಗುತ್ತದೆ. ಅದರ ಐದನೆಯ ಒಂದು ಪಾಲಾದ 7,20,000 ಮತ್ತೆ ದಾಸ್ತಾನಿನಲ್ಲಿ ಕಾಣಿಸಿಕೊಳ್ಳುತ್ತದೆ. ಪೂರಕ ದರದ ದಾರಿಯಲ್ಲಿ ತಪ್ಪಾದದ್ದೇ ಇಲ್ಲಿ ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ. ಇದನ್ನು ಪತ್ತೆಹಚ್ಚಲು ಕಷ್ಟಪಡಬೇಕಿಲ್ಲ: ಕೆಲಸ ಇಳಿದ ವರ್ಷದಲ್ಲಿ ದಾಸ್ತಾನಿನ ಗಂಟೆವಾರು ಸ್ಥಿರ ಮೇಲ್ವೆಚ್ಚ ಹಿಂದಿನ ವರ್ಷಕ್ಕಿಂತ ಏರಿದ್ದರೆ, ಸ್ಥಿರ ಖರ್ಚು ನಿಜವಾಗಿ ಏರಿದೆಯೇ ಅಥವಾ ಭಾಜಕ ಕುಗ್ಗಿದೆಯೇ ಎಂದು ಕೇಳಿದರೆ ಸಾಕು. ಸಾಮರ್ಥ್ಯ ಶಾಶ್ವತವಾಗಿ ಇಳಿದಾಗ, ಒಂದು ರಿಯಾಕ್ಟರನ್ನು ಕಳಚಿ ಮಾರಿದಾಗ ಇಲ್ಲವೆ ಒಂದು ಉತ್ಪನ್ನವನ್ನು ಕೈಬಿಟ್ಟಾಗ, ಭಾಜಕವನ್ನು ಬದಲಿಸುವುದು ನ್ಯಾಯವೇ. ಆದರೆ ಆ ಬದಲಾವಣೆ ಮುಂದಿನ ವರ್ಷದ ಅಂದಾಜಿನಲ್ಲಿ ನಡೆಯಬೇಕು, ಕಳೆದ ವರ್ಷದ ಲೆಕ್ಕದಲ್ಲಿ ಅಲ್ಲ.

ಮಾರ್ಚ್ ತಿಂಗಳಲ್ಲಿ ಉತ್ಪಾದನೆಯನ್ನು ಏರಿಸುವುದು ಲೆಕ್ಕ ಕೆಡಿಸುವ ಇನ್ನೊಂದು ಬಗೆ. ಕೊಳ್ಳುವವರಿಲ್ಲದಿದ್ದರೂ 1,000 ಗಂಟೆ ಹೆಚ್ಚು ಓಡಿಸಿ ಸರಕನ್ನು ಗೋದಾಮಿಗೆ ತುಂಬಿದರೆ 6,00,000 ರೂಪಾಯಿಯ ಸ್ಥಿರ ಮೇಲ್ವೆಚ್ಚ ಲಾಭನಷ್ಟ ಖಾತೆಯಿಂದ ತಪ್ಪಿಸಿಕೊಂಡು ದಾಸ್ತಾನಿಗೆ ಸೇರುತ್ತದೆ. ಒಟ್ಟು ಗಂಟೆ ಸಾಮಾನ್ಯ ಸಾಮರ್ಥ್ಯದೊಳಗೇ ಇರುವುದರಿಂದ ಹೀರಿಕೆಯ ನಿಯಮ ಇದನ್ನು ತಡೆಯದು. ತಡೆಯಬಲ್ಲದ್ದು ಅದೇ ಮಾನದಂಡದ ಇನ್ನೊಂದು ನಿಯಮ: ದಾಸ್ತಾನನ್ನು ವೆಚ್ಚ ಮತ್ತು ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ಬರೆಯಬೇಕು. ಏಪ್ರಿಲ್ ಮತ್ತು ಮೇ ತಿಂಗಳ ಮಾರಾಟದ ಬಿಲ್ಲುಗಳನ್ನು ತೆಗೆದು, ಮಾರ್ಚ್‌ನಲ್ಲಿ ತುಂಬಿದ ಪೀಪಾಯಿಗಳು ಯಾವ ಬೆಲೆಗೆ, ಎಷ್ಟು ದಿನಕ್ಕೆ ಹೊರಟವು ಎಂದು ನೋಡುವ ಲೆಕ್ಕಪರಿಶೋಧಕರಿಗೆ ಉತ್ತರ ಅಲ್ಲೇ ಸಿಗುತ್ತದೆ.

ವಾಗ್ಳೆ ಎಸ್ಟೇಟಿನ ಅಥವಾ ರಬಾಳೆಯ ಜಾಬ್ ವರ್ಕ್ ಘಟಕಗಳಲ್ಲಿ, ಗಿರಾಕಿ ಕೊಟ್ಟ ಲೋಹವನ್ನು ಕಡೆದು ಅವತ್ತೇ ಹಿಂತಿರುಗಿಸುವ ಕಡೆ, ದಾಸ್ತಾನು ಎಂಬುದೇ ಹೆಚ್ಚು ಇರುವುದಿಲ್ಲ. ವ್ಯತ್ಯಾಸವೆಲ್ಲ ಹೇಗೂ ಲಾಭನಷ್ಟ ಖಾತೆಗೇ ಬೀಳುವುದರಿಂದ ಅದನ್ನು ಕಾರಣದಂತೆ ಒಡೆಯುವ ಶ್ರಮ ಏಕೆ ಎಂದು ಅಲ್ಲಿ ಅನಿಸುವುದು ಸಹಜ. ಆದರೆ ಅಲ್ಲಿ ಅಪಾಯ ದರಪಟ್ಟಿಯಲ್ಲಿದೆ. ಮೇಲಿನ ಘಟಕದ ಅಂಕಿಗಳನ್ನೇ ಇಟ್ಟುಕೊಂಡು, ಕಳೆದ ವರ್ಷದ ನಿಜವಾದ ಖರ್ಚನ್ನು ಓಡಿದ ಗಂಟೆಗಳಿಂದ ಭಾಗಿಸಿ ಹೊಸ ವರ್ಷದ ದರ ಕಟ್ಟಿದರೆ ಅದು ಗಂಟೆಗೆ 1,246.67 ಆಗುತ್ತದೆ. ಆ ದರಕ್ಕೆ ಗಿರಾಕಿ ಪಕ್ಕದ ಘಟಕಕ್ಕೆ ಹೋಗುತ್ತಾರೆ, ಗಂಟೆ ಇನ್ನೂ ಇಳಿಯುತ್ತದೆ, ಇಳಿದ ಗಂಟೆಯಿಂದ ಭಾಗಿಸಿದ ದರ ಇನ್ನೂ ಏರುತ್ತದೆ. ಸಾಮಾನ್ಯ ಸಾಮರ್ಥ್ಯದ ಮೇಲೆ ಕಟ್ಟಿ ಇಂಧನದ ಏರಿಕೆಯನ್ನು ಮಾತ್ರ ಸೇರಿಸಿದರೆ ದರ 1,030 ರೂಪಾಯಿ. ರೈಲು ಮತ್ತೆ ಓಡಿದ ಮೇಲೆ ಬಸ್ಸಿನ ಖರ್ಚಿಗೆ ಅದರಲ್ಲಿ ಜಾಗವಿಲ್ಲ, ಮುಚ್ಚಿದ 54 ದಿನಗಳಿಗಂತೂ ಇಲ್ಲವೇ ಇಲ್ಲ.

ವರ್ಷಾಂತ್ಯದ ಈ ಕೆಲಸಕ್ಕೆ ಬೇಕಾದದ್ದು ನಿಯಂತ್ರಣ ಖಾತೆಯ ಬಾಕಿಯಲ್ಲ, ರಿಯಾಕ್ಟರ್ ಯಾವ ದಿನ ಎಷ್ಟು ಗಂಟೆ, ಯಾವ ಕಾರಣಕ್ಕೆ ನಿಂತಿತ್ತು ಎಂಬ ದಾಖಲೆ. ಮಾರ್ಚ್ 31ರಂದು ಕುಳಿತು ನೆನಪಿನಿಂದ ಬರೆದ ಕಾರಣಗಳು ಪರಿಶೋಧನೆಯ ಎದುರು ನಿಲ್ಲುವುದಿಲ್ಲ. ಡೊಂಬಿವಲಿಯಲ್ಲಾಗಲಿ, ತುರ್ಭೆಯಲ್ಲಾಗಲಿ ಲೆಕ್ಕ ಬರೆಯುವವರು ಶಿಫ್ಟ್ ಮುಗಿದಾಗಲೇ ಪ್ಲಾಂಟಿನ ಲಾಗ್‌ಬುಕ್ಕಿನಲ್ಲಿ ನಿಂತ ಗಂಟೆಯ ಪಕ್ಕ ಕಾರಣಕ್ಕೊಂದು ಕಾಲಂ ಹಾಕಿಸಿ, ಅದನ್ನು ಪ್ರತಿ ತಿಂಗಳೂ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಬೇಕು.